ದುಬೈಯಿಂದ ಊರಿಗೆ ಮರಳಿದರೆ ಅಲ್ಲಿನ ದುಡ್ಡಿಗೆ ಇಲ್ಲಿ ತೆರಿಗೆ ಯಾವಾಗ?

ಪ್ರಶ್ನೆ: 12 ವರ್ಷ ದುಬೈನಲ್ಲಿದ್ದೆ. 2025ರ ಆಗಸ್ಟ್‌ನಲ್ಲಿ ಕುಂದಾಪುರಕ್ಕೆ ಪೂರ್ತಿ ವಾಪಸ್ ಬಂದೆ. ಅಲ್ಲಿನ ಸಂಬಳ, ಉಳಿತಾಯಕ್ಕೆ ಇಲ್ಲಿ ತೆರಿಗೆ ಇದೆಯಾ?

ಉತ್ತರ: ಕೂಡಿಟ್ಟ ಅಸಲಿಗೆ ತೆರಿಗೆ ಇಲ್ಲ, ಭಯ ಬೇಡ. ಪ್ರಶ್ನೆ ಇರುವುದು ಆದಾಯ ಮತ್ತು ಬಡ್ಡಿಯದ್ದು.

ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದವರು ಮರಳಿದ ಮೇಲೆ 'ಆರ್‌ಎನ್‌ಓಆರ್' ಆಗುತ್ತಾರೆ. ಅಂದರೆ ನಿವಾಸಿಯೇ, ಆದರೆ ಪೂರ್ತಿ ಅಲ್ಲ. ವರ್ಷಕ್ಕೊಂದು ತಿಂಗಳು ರಜೆಗೆ ಬಂದು ಹೋಗುತ್ತಿದ್ದಿರಿ ಅಂದುಕೊಂಡರೆ, 2025-26 ಮತ್ತು 2026-27ರಲ್ಲಿ ನೀವು ಇದೇ ಗುಂಪು. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ದುಬೈ ಖಾತೆಗೆ ಬಂದ ಸಂಬಳಕ್ಕೂ, ಅಲ್ಲಿನ ಬ್ಯಾಂಕ್ ಬಡ್ಡಿಗೂ ಇಲ್ಲಿ ತೆರಿಗೆ ಇಲ್ಲ. 2027ರ ಏಪ್ರಿಲ್‌ನಿಂದ ಆ ಬಡ್ಡಿಗೆ ತೆರಿಗೆ ಬೀಳುತ್ತದೆ. ವಿದೇಶಿ ಖಾತೆಯ ವಿವರವನ್ನೂ ರಿಟರ್ನ್‌ನಲ್ಲಿ ಕೊಡಬೇಕು.

ಜಾಸ್ತಿ ಜನ ಎಡವುವುದು ಎನ್‌ಆರ್‌ಇ ಖಾತೆಯಲ್ಲಿ, ಅಂದರೆ ಅನಿವಾಸಿಗಳು ವಿದೇಶದ ದುಡಿಮೆಯನ್ನು ಇಲ್ಲಿನ ಬ್ಯಾಂಕ್‌ನಲ್ಲಿ ರೂಪಾಯಿಯಲ್ಲಿ ಇಡುವ ಖಾತೆ. ಅದಕ್ಕೆ ಈ ಎರಡು ವರ್ಷದ ರಿಯಾಯಿತಿ ಇಲ್ಲ. ನೆಲೆಸಲು ಬಂದ ದಿನದಿಂದಲೇ ವಿದೇಶಿ ವಿನಿಮಯ ಕಾನೂನಾದ ಫೆಮಾ ಪ್ರಕಾರ ನೀವು ನಿವಾಸಿ, ಹಾಗಾಗಿ ಅಂದಿನಿಂದ ಅದರ ಬಡ್ಡಿಗೆ ತೆರಿಗೆ. ಬ್ಯಾಂಕ್ ತಾನಾಗಿ ಟಿಡಿಎಸ್ ಹಿಡಿಯುವುದಿಲ್ಲ, ಅದಕ್ಕೆ ಗೊತ್ತೇ ಇರಲ್ಲ ಅಲ್ವಾ? ನೀವೇ ಹೋಗಿ ತಿಳಿಸಿ, ನಿವಾಸಿಗಳ ಖಾತೆಗೆ ಬದಲಿಸಿಕೊಳ್ಳಿ. ಅನಿವಾಸಿಗಳು ವಿದೇಶಿ ಕರೆನ್ಸಿಯಲ್ಲೇ ಇಲ್ಲಿನ ಬ್ಯಾಂಕ್‌ನಲ್ಲಿ ಇಡುವ ಎಫ್‌ಸಿಎನ್‌ಆರ್ ಠೇವಣಿ ಡಾಲರ್‌ನಲ್ಲಿ ಇದ್ದರೆ ಸುಮ್ನೆ ಮುರಿಸಬೇಡಿ. ಅವಧಿ ಮುಗಿಯುವವರೆಗೆ ಅದೇ ದರದಲ್ಲಿ ನಡೆಯುತ್ತದೆ, ಆರ್‌ಎನ್‌ಓಆರ್ ಇರುವಷ್ಟು ದಿನ ಬಡ್ಡಿಗೆ ತೆರಿಗೆಯೂ ಇಲ್ಲ.