ದದ್ದಿನ ಫೋಟೊ ಕಳೆದುಹೋದರೆ ವೈದ್ಯರಿಗೆ ಏನೆಂದು ಹೇಳುವುದು?

“ನಮ್ಮ ತಾಯಿಯ ಸೊಂಟದ ಹತ್ತಿರ ತಿಂಗಳ ಹಿಂದೆ ದದ್ದು ಎದ್ದು ತುರಿಸುತ್ತಿತ್ತು. ತೆಗೆದಿದ್ದ ಫೋಟೊ ಮೊಬೈಲ್ ರಿಪೇರಿಯಲ್ಲಿ ಅಳಿಸಿಹೋಯಿತು. ಮೆಡಿಕಲ್ ಸ್ಟೋರಿನ ಮುಲಾಮು ಹಚ್ಚಿದ ಮೇಲೆ ಈಗ ಕಡಿಮೆ ಕಾಣುತ್ತದೆ. ಬಾಯಲ್ಲಿ ವಿವರಿಸಿದರೆ ಸಾಕೇ, ಹಳ್ಳಿಯಿಂದ ಮಂಡ್ಯಕ್ಕೆ ಕರೆದುಕೊಂಡು ಹೋಗಲೇಬೇಕೇ?”

ಕರೆದುಕೊಂಡು ಹೋಗಿ. ಫೋಟೊ ಇಲ್ಲದಿರುವುದು ದೊಡ್ಡ ಕೊರತೆಯಲ್ಲ. ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಆ ಮುಲಾಮು. ನಾನು ಮೈಸೂರಿನ ಚರ್ಮರೋಗ ಚಿಕಿತ್ಸಾಲಯವೊಂದರಲ್ಲಿ ನರ್ಸ್ ಆಗಿದ್ದೇನೆ. ರೋಗಿಗಳು ವೈದ್ಯರ ಕೊಠಡಿಗೆ ಹೋಗುವ ಮೊದಲು ಅವರ ವಿವರವನ್ನು ಬರೆದುಕೊಳ್ಳುವುದು ನನ್ನ ಕೆಲಸದ ಒಂದು ಭಾಗ.

ಫೋಟೊ ತೋರಿಸುವುದು ಒಂದು ಕ್ಷಣದ ಚರ್ಮವನ್ನು ಮಾತ್ರ, ಆದರೆ ವೈದ್ಯರಿಗೆ ಮೊದಲು ಬೇಕಾಗುವುದು ಕಾಲದ ಲೆಕ್ಕ. ಒಂದೇ ದದ್ದು ಅದೇ ಜಾಗದಲ್ಲಿ ದಿನಗಟ್ಟಲೆ ನಿಂತಿತ್ತೇ, ಅಥವಾ ಕೆಲವೇ ಗಂಟೆಗಳಲ್ಲಿ ಮಾಯವಾಗಿ ಬೇರೆ ಕಡೆ ಏಳುತ್ತಿತ್ತೇ ಎಂಬುದನ್ನು ತಾಯಿಯವರಲ್ಲಿ ಕೇಳಿ ತಿಳಿದುಕೊಳ್ಳಿ. ಪಿತ್ತದ ಗಂಧೆಯಾದರೆ ಸಾಮಾನ್ಯವಾಗಿ ಒಂದೊಂದು ಗಂಧೆಯೂ 24 ಗಂಟೆಯೊಳಗೆ ಗುರುತಿಲ್ಲದಂತೆ ಇಳಿದುಹೋಗುತ್ತದೆ. ಶಿಲೀಂಧ್ರದಿಂದ ಬರುವ ಹುಳುಕಡ್ಡಿಯಾದರೆ ಅಲ್ಲಿಯೇ ನಿಂತು ವಾರಗಟ್ಟಲೆ ಸುತ್ತಲೂ ಹರಡುತ್ತದೆ.

ಕಾಲದ ನಂತರ ಮುಖ್ಯವಾದದ್ದು ದದ್ದಿನ ಅಂಚು. ಹುಳುಕಡ್ಡಿಯಲ್ಲಿ ಅಂಚು ಸ್ವಲ್ಪ ಉಬ್ಬಿ ಹೊಟ್ಟು ಏಳುತ್ತದೆ, ನಡುವಿನ ಚರ್ಮ ತಿಳಿಯಾಗುತ್ತಾ ಬರುತ್ತದೆ. ಬಣ್ಣ ಹೇಳುವಾಗ ‘ಕೆಂಪು’ ಎಂದೇ ಹೇಳಬೇಕೆಂದಿಲ್ಲ. ನಮ್ಮ ಕಂದು ಚರ್ಮದಲ್ಲಿ ಉರಿಯೂತ ಎಷ್ಟೋ ಸಲ ಕಪ್ಪಾಗಿ ಅಥವಾ ನೇರಳೆ ಛಾಯೆಯಲ್ಲಿ ಕಾಣುವುದರಿಂದ, ಕಂಡ ಬಣ್ಣವನ್ನೇ ಹೇಳಿ. ಗಾತ್ರಕ್ಕೆ ನಾಣ್ಯದ ಅಳತೆ ಸಾಕು.

ಇಷ್ಟನ್ನು ಸೇರಿಸಿದರೆ ವಿವರಣೆ ಹೀಗಾಗಬಹುದು: “ತಿಂಗಳ ಹಿಂದೆ ಲಂಗದ ಲಾಡಿ ಕಟ್ಟುವ ಕಡೆ ಬಲಗಡೆಗೆ ಒಂದು ರೂಪಾಯಿಯಗಲ ಎದ್ದಿತು. ಅಲ್ಲಿಯೇ ನಿಂತು ಎರಡು ವಾರದಲ್ಲಿ ಅಂಗೈಯಗಲ ಆಯಿತು. ಅಂಚು ಉಬ್ಬಿ ಹೊಟ್ಟು ಏಳುತ್ತಿತ್ತು, ನಡುವೆ ತಿಳಿಯಾಗಿತ್ತು. ಗದ್ದೆಯಲ್ಲಿ ಬೆವರಿದಾಗ ತುರಿಕೆ ಹೆಚ್ಚು. ನೋವಿರಲಿಲ್ಲ, ನೀರುಗುಳ್ಳೆ ಬರಲಿಲ್ಲ. ಮುಲಾಮು ಹಚ್ಚಿದ ಮೂರನೆಯ ದಿನಕ್ಕೆ ತುರಿಕೆ ನಿಂತಿತು.” ನಿಮ್ಮ ತಾಯಿಯವರ ವಿವರ ಬೇರೆಯೇ ಇರಬಹುದು, ಆದರೆ ಈ ಕ್ರಮದಲ್ಲಿ ಬರೆದುಕೊಂಡು ಹೋಗಿ. ಮನೆಯಲ್ಲಿ ಬೇರೆ ಯಾರಿಗಾದರೂ ತುರಿಕೆ ಇದೆಯೇ, ತಾಯಿಯವರಿಗೆ ಸಕ್ಕರೆ ಕಾಯಿಲೆ ಇದೆಯೇ, ಯಾವ ಮಾತ್ರೆಗಳನ್ನು ನುಂಗುತ್ತಿದ್ದಾರೆ ಎಂಬುದನ್ನೂ ಸೇರಿಸಿ.

ಈ ವಿವರಣೆಯ ಕೊನೆಯ ವಾಕ್ಯವನ್ನೇ ನಾನು ಹೆಚ್ಚು ಅನುಮಾನದಿಂದ ನೋಡುತ್ತೇನೆ. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವ ಎಷ್ಟೋ ಮುಲಾಮುಗಳಲ್ಲಿ ಶಿಲೀಂಧ್ರದ ಔಷಧದ ಜೊತೆಗೆ ಕ್ಲೋಬೆಟಸಾಲ್‌ನಂತಹ ಪ್ರಬಲ ಸ್ಟೀರಾಯ್ಡ್ ಬೆರೆತಿರುತ್ತದೆ. ಸ್ಟೀರಾಯ್ಡ್ ತುರಿಕೆಯನ್ನೂ ಉರಿಯೂತವನ್ನೂ ಬೇಗ ಅಡಗಿಸುತ್ತದೆ, ಆದರೆ ಚರ್ಮದ ಪ್ರತಿರೋಧವನ್ನೂ ತಗ್ಗಿಸುವುದರಿಂದ ಶಿಲೀಂಧ್ರ ಒಳಗೊಳಗೇ ಹರಡಬಹುದು. ಹೊಟ್ಟು ಮರೆಯಾಗಿ ಅಂಚು ಮಸುಕಾಗುವುದರಿಂದ ಹುಳುಕಡ್ಡಿ ಹುಳುಕಡ್ಡಿಯಂತೆ ಕಾಣುವುದೇ ಇಲ್ಲ. ಹಚ್ಚುವುದನ್ನು ಬಿಟ್ಟ ಮೇಲೆ ಮೊದಲಿಗಿಂತ ಅಗಲವಾಗಿ ಮರಳುತ್ತದೆ. ಹೆಚ್ಚು ಕಾಲ ಹಚ್ಚಿದರೆ ಚರ್ಮ ತೆಳುವಾಗಿ ಬರೆ ಬಿದ್ದಂತಹ ಗೆರೆಗಳು ಮೂಡುತ್ತವೆ, ಅವು ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಟ್ಯೂಬ್ ಖಾಲಿಯಾಗಿದ್ದರೂ ಅದನ್ನು ತಪ್ಪದೆ ತೆಗೆದುಕೊಂಡು ಹೋಗಿ.

ಎಷ್ಟೇ ಚೆನ್ನಾಗಿ ವಿವರಿಸಿದರೂ, ಫೋಟೊ ಉಳಿದಿದ್ದರೂ, ಸಿಗದ ಕೆಲವು ಸಂಗತಿಗಳಿವೆ. ಅಂಚಿನ ಹೊಟ್ಟನ್ನು ಬ್ಲೇಡಿನಿಂದ ಮೆಲ್ಲಗೆ ಕೆರೆದು, ಗಾಜಿನ ಪಟ್ಟಿಯ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಿಲೀಂಧ್ರದ ಎಳೆಗಳು ಕಾಣುತ್ತವೆ. ಮುಲಾಮು ಹಚ್ಚಿದ ಚರ್ಮದಲ್ಲಿ ಅವು ಕಾಣದೆಯೂ ಹೋಗಬಹುದು, ಆದ್ದರಿಂದ ಹೋಗುವ ದಿನ ಆ ಜಾಗಕ್ಕೆ ಏನನ್ನೂ ಹಚ್ಚಬೇಡಿ. ವೈದ್ಯರು ಮಚ್ಚೆಯನ್ನು ಹತ್ತಿಯ ಎಳೆಯಿಂದ ಸವರಿ ಸ್ಪರ್ಶ ತಿಳಿಯುತ್ತದೆಯೇ ಎಂದೂ ನೋಡಬಹುದು. ಕುಷ್ಠದ ಆರಂಭದ ಮಚ್ಚೆಗಳಲ್ಲಿ ತುರಿಕೆಯಿಲ್ಲದೆ ಸ್ಪರ್ಶ ಕುಂದಿರುತ್ತದೆ. ತುರಿಸುವ ದದ್ದಿನಲ್ಲಿ ಅದರ ಸಾಧ್ಯತೆ ಕಡಿಮೆ, ಆದರೆ ಅದನ್ನು ತಳ್ಳಿಹಾಕಲು ಮುಟ್ಟಿ ನೋಡಲೇಬೇಕು.

ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ. ಹೋಗುವ ಮುನ್ನ ಈಗ ಉಳಿದಿರುವ ಗುರುತಿನ ಅಂಚಿನುದ್ದಕ್ಕೂ ಬಾಲ್‌ಪೆನ್ನಿನಿಂದ ಗೆರೆ ಎಳೆಯಿರಿ. ಗೆರೆ ದಾಟಿ ಹರಡಿದರೆ ಅದು ವೈದ್ಯರಿಗೆ ಉಪಯುಕ್ತ ಮಾಹಿತಿ. ಜ್ವರ ಬಂದರೆ, ತುಟಿ ಅಥವಾ ಮುಖ ಊದಿದರೆ, ಉಸಿರು ಕಟ್ಟಿದರೆ, ಹೊಸ ಮಾತ್ರೆ ಶುರುಮಾಡಿದ ಮೇಲೆ ಬಾಯಿ ಅಥವಾ ಕಣ್ಣು ಹುಣ್ಣಾದರೆ ಹೊರರೋಗಿ ವಿಭಾಗದ ಸಮಯಕ್ಕಾಗಿ ಕಾಯದೆ ಆ ಕ್ಷಣವೇ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ.