7 ಅಲ್ಲ, 3 ಚೀಲ

"ಸ್ಪ್ರಿಂಕ್ಲರ್ ಸಬ್ಸಿಡಿ ಸಿಕ್ಕ ತೋಟಗಳಲ್ಲಿ ರೋಬಸ್ಟಾ ಕಾಫಿ ಎಕರೆಗೆ 18 ಚೀಲದಿಂದ 25 ಆಯಿತು, ಸಿಗದವರದ್ದು 14ರಿಂದ 18. ಸಬ್ಸಿಡಿಯಿಂದ 7 ಚೀಲ ಜಾಸ್ತಿ ಆಯಿತು ಅನ್ನಬಹುದಾ?"

ಅನ್ನೋಕಾಗಲ್ಲ. ಸಬ್ಸಿಡಿ ಸಿಗದವರಿಗೂ 4 ಚೀಲ ಏರಿದೆಯಲ್ವಾ, ಅದು ಆ ವರ್ಷದ ಹೂಮಳೆ ಚೆನ್ನಾಗಿ ಬಿದ್ದದ್ದಕ್ಕೆ ಇರಬಹುದು. ಅದೇ ಮಳೆ ಸಬ್ಸಿಡಿ ತೋಟಕ್ಕೂ ಬಿದ್ದಿದೆ. ಹಾಗಾಗಿ ಸಬ್ಸಿಡಿ ಇಲ್ಲದಿದ್ದರೂ ಅವರು 18+4, ಅಂದರೆ 22ಕ್ಕೆ ಬರುತ್ತಿದ್ದರು ಅಂತ ಇಟ್ಟುಕೊಳ್ಳುತ್ತೇವೆ. ಬಂದದ್ದು 25.

```
(25-18) - (18-14) = 3
```

ಈ 3 ನಿಲ್ಲುವುದು ಎರಡೂ ಗುಂಪು ಒಂದೇ ಅಳತೆಯಲ್ಲಿ ಏರುತ್ತಿದ್ದವು ಅನ್ನುವ ನಂಬಿಕೆಯ ಮೇಲೆ. ಮಳೆ ಚೀಲದ ಲೆಕ್ಕದಲ್ಲಿ ಅಲ್ಲ, ಶೇಕಡಾ ಲೆಕ್ಕದಲ್ಲಿ ಫಸಲು ಏರಿಸುತ್ತದೆ ಅಂದುಕೊಳ್ಳಿ. ಆಗ 14ರಿಂದ 18 ಅಂದರೆ ಸುಮಾರು ಶೇ. 29, ಅದನ್ನು 18ಕ್ಕೆ ಹಾಕಿದರೆ 23 ದಾಟುತ್ತದೆ, ಸಬ್ಸಿಡಿಗೆ ಉಳಿಯುವುದು 2 ಚೀಲಕ್ಕಿಂತ ಕಡಿಮೆ!

ನಾಲ್ಕು ಸರಾಸರಿ ನೋಡಿ ಯಾವುದು ಸರಿ ಅಂತ ಗೊತ್ತಾಗಲ್ಲ. ಸಬ್ಸಿಡಿಗೆ ಮುಂಚಿನ ಎರಡು ಮೂರು ವರ್ಷದ ಇಳುವರಿ ಹುಡುಕಿ. ಎರಡು ಗುಂಪಿನ ನಡುವಿನ ಅಂತರ ಆಗಲೂ 4 ಚೀಲದ ಆಸುಪಾಸಿನಲ್ಲೇ ಇದ್ದರೆ ಧೈರ್ಯವಾಗಿ 3 ಬರೆಯಿರಿ. ಒಂದು ವೇಳೆ ಫಸಲು ತೀರಾ ಕೈಕೊಟ್ಟ ವರ್ಷದಲ್ಲೇ ಜನ ಅರ್ಜಿ ಹಾಕಿದ್ದರೆ ಮಾತ್ರ ಆ 18ನ್ನು ನಂಬಬೇಡಿ, ಮುಂದಿನ ವರ್ಷ ಅದು ತಾನಾಗಿಯೇ ಏರುತ್ತಿತ್ತು.