ಡಾಕ್ಟರಿಗೆ ಮಗುವಿನ ದದ್ದಿನ ಫೋಟೋ ಕಳಿಸುವ ಮುಂಚೆ ಟ್ಯೂಬಿನ ಫೋಟೋ ತೆಗೀರಿ

ಪ್ರಶ್ನೆ: ನನ್ನ ಎಂಟು ತಿಂಗಳ ಮಗನ ಮೈಮೇಲೆ ದದ್ದು ಎದ್ದು ಹರಡ್ತಾ ಇದೆ. ಫೋಟೋ ಹಾಕಿ ನಮ್ಮ ಡಾಕ್ಟರಿಗೆ ಬರೀಬೇಕು ಅಂತಿದ್ದೇನೆ. ಹೇಗೆ ಬರೆದರೆ ಮಗುವನ್ನು ಕರೆದೊಯ್ಯದೇ ಔಷಧಿ ಸಿಗುತ್ತೆ?

ಔಷಧಿ ಸಿಗಲಿ ಅಂತ ಬರೀಲೇಬೇಡಿ. ಇವತ್ತೇ ಬರಬೇಕಾ, ಎರಡು ದಿನ ತಡೆಯಬಹುದಾ ಅಂತ ಡಾಕ್ಟರು ಹೇಳೋಕೆ ಆಗಬೇಕು, ಪತ್ರದ ಕೆಲಸ ಅಷ್ಟೇ. ಔಷಧಿಗೇ ಅಂತ ಬರೆದು ಪೇಚಿಗೆ ಸಿಕ್ಕಿದವನು ನಾನು.

ನಮ್ಮದು ಕುಮಟಾದ ಒಳಗಿನ ಹಳ್ಳಿ, ಡಾಕ್ಟರು ಶಿರಸಿಯವರು. ಜೋರು ಮಳೆಗಾಲ. ಏಳು ತಿಂಗಳ ಕೂಸನ್ನು ಕಟ್ಟಿಕೊಂಡು ದೇವಿಮನೆ ಘಟ್ಟ ಹತ್ತೋದು ಯಾರಿಗೆ ಬೇಕು? ಮಗಳ ಪಕ್ಕೆಯ ಮೇಲೆ ರೂಪಾಯಿ ನಾಣ್ಯದಷ್ಟು ಅಗಲದ ಕೆಂಪು ಬಳೆ ಎದ್ದಿತ್ತು. ಅಂಚು ಸ್ವಲ್ಪ ಉಬ್ಬಿ ಹೊಟ್ಟು ಏಳ್ತಿತ್ತು, ನಡುವಿನ ಚರ್ಮ ಹೆಚ್ಚುಕಮ್ಮಿ ಸರಿಯಾಗೇ ಇತ್ತು. ಆಯಿ ನೋಡಿ "ಬೆವರುಸಾಲೆ ಆಗಿಕ್ಕು, ತೆಂಗಿನೆಣ್ಣೆ ಹಚ್ಚು" ಅಂದಳು. ನಾನು ಅದಕ್ಕಿಂತ ಬುದ್ಧಿವಂತ ಅಲ್ವಾ! ನನ್ನ ಸೊಂಟದ ತುರಿಕೆಗೆ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದಿದ್ದ ಟ್ಯೂಬನ್ನೇ ಹಚ್ಚಿದೆ. ಕೆಂಪು ಬೇಗ ಇಳೀತು. ಹಚ್ಚೋದು ಬಿಟ್ಟೆ. ಮತ್ತೆ ಎದ್ದಿತು, ಈ ಸಲ ಹೊಟ್ಟೆ, ಬೆನ್ನಿಗೂ ಹಬ್ಬಿತು.

ಆಗ ಡಾಕ್ಟರಿಗೆ ಬರೆದೆ. ಮೈಯೆಲ್ಲ ದದ್ದು, ರಾತ್ರಿ ನಿದ್ದೆ ಇಲ್ಲ, ನಮಗೆ ಭಯ ಆಗ್ತಿದೆ ಅಂತೆಲ್ಲ. ಬಲ್ಬಿನ ಹಳದಿ ಬೆಳಕಲ್ಲಿ ತೆಗೆದ ಫೋಟೋ ಬೇರೆ. ಆದರೆ ಟ್ಯೂಬಿನ ಮಾತೇ ಎತ್ತಲಿಲ್ಲ. ಮುಚ್ಚಿಡಬೇಕು ಅಂತಲ್ಲ, ಅದೂ ಒಂದು ಔಷಧಿ ಅನ್ನೋದೇ ತಲೆಗೆ ಬರಲಿಲ್ಲ.

ಇಲ್ಲೇ ಎಲ್ಲ ಕೆಟ್ಟಿದ್ದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳ್ತೇನೆ. ಆ ಟ್ಯೂಬಿನಲ್ಲಿ ಫಂಗಸ್ ಔಷಧಿಯ ಜೊತೆ ಕ್ಲೋಬೆಟಸಾಲ್ ಅನ್ನೋ ಬಹಳ ಜೋರಾದ ಸ್ಟೀರಾಯ್ಡ್ ಇತ್ತು. ಮಗಳಿಗೆ ಆಗಿದ್ದು ಹುಳುಕಡ್ಡಿ, ಅಂದರೆ ಫಂಗಸ್. ಕೆಂಪಾಗೋದು, ಉಬ್ಬೋದು ಎಲ್ಲ ಫಂಗಸ್ ವಿರುದ್ಧ ಮೈ ಕೊಡೋ ಜಗಳ. ಸ್ಟೀರಾಯ್ಡ್ ಆ ಜಗಳವನ್ನೇ ನಿಲ್ಲಿಸುತ್ತೆ. ನೋಡೋಕೆ ವಾಸಿಯಾದ ಹಾಗಿರುತ್ತೆ, ಒಳಗೆ ಫಂಗಸ್ ಆರಾಮಾಗಿ ಹಬ್ಬುತ್ತೆ. ಜೊತೆಗೆ ಬಳೆಯಂಥ ಅಂಚು ಅಳಿಸಿಹೋಗುತ್ತೆ. ಡಾಕ್ಟರು ಗುರುತು ಹಿಡಿಯೋದೇ ಆ ಅಂಚಿನಿಂದ! ಕೂಸಿನ ಚರ್ಮ ತೆಳು, ಔಷಧಿಯನ್ನು ಜಾಸ್ತಿ ಹೀರುತ್ತೆ. ಡಯಾಪರ್ ಕಟ್ಟುವ ಜಾಗದಲ್ಲಂತೂ ಇನ್ನೂ ಹೆಚ್ಚು.

ಅಂಚಿಲ್ಲದ ಆ ಫೋಟೋ ನೋಡಿ ಡಾಕ್ಟರು ಎಕ್ಸಿಮಾ ಅಂದುಕೊಂಡು ಸೌಮ್ಯ ಸ್ಟೀರಾಯ್ಡ್ ಬರೆದರು. ನಾನು ಕೊಟ್ಟ ಸುದ್ದಿಗೆ ಬೇರೆ ಯಾರಾದರೂ ಅದನ್ನೇ ಬರೀತಿದ್ದರು. ದದ್ದು ಇನ್ನೂ ಹರಡಿತು. ಕೊನೆಗೆ ಘಟ್ಟ ಹತ್ತಲೇಬೇಕಾಯ್ತು. "ಮೊದಲು ಏನು ಹಚ್ಚಿದ್ರಿ? ಮನೇಲಿ ಯಾರಿಗೆ ತುರಿಕೆ ಇದೆ?" ಅಂತ ಕೇಳಿದ್ರು. ಸೊಂಟ ತೋರಿಸಿದೆ. ಮಗಳು ದಿನವಿಡೀ ಕೂರೋದು ಅಲ್ಲೇ. ದದ್ದಿನ ಹೊಟ್ಟು ಕೆರೆದು ಗಾಜಿನ ಮೇಲಿಟ್ಟು, ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಹನಿ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದ್ರು. ಫಂಗಸ್ಸಿನ ಎಳೆಗಳು ಕಂಡವು. ಬರೀ ಕ್ಲೋಟ್ರಿಮಜೋಲ್ ಇರುವ ಕ್ರೀಮ್ ಕೊಟ್ಟು, ದದ್ದು ಮಾಯವಾದ ಮೇಲೂ ಕೆಲವು ದಿನ ಬಿಡದೇ ಹಚ್ಚಿ ಅಂದರು. ನನಗೂ ಚಿಕಿತ್ಸೆ, ಟವೆಲ್ ಬೇರೆ. ಮಳೆಯಲ್ಲಿ ಅರೆಬರೆ ಒಣಗಿದ ಬಟ್ಟೆ ಕೂಸಿಗೆ ಹಾಕಬೇಡಿ, ಇಸ್ತ್ರಿ ಮಾಡಿ ಅಂತಲೂ ಹೇಳಿದ್ರು.

ಹಾಗಾಗಿ ನೀವು ಬರೆಯೋದು ಹೀಗಿರಲಿ: "ಮಗನಿಗೆ ಎಂಟು ತಿಂಗಳು, ತೂಕ ಇಷ್ಟು. ದದ್ದು ಸೋಮವಾರ ಕುತ್ತಿಗೆಯಲ್ಲಿ ಶುರುವಾಯ್ತು, ಬುಧವಾರ ಎದೆಗೆ ಬಂತು. ಜ್ವರ ಇಲ್ಲ, ಹಾಲು ಕುಡೀತಿದ್ದಾನೆ. ಇಂಥ ಟ್ಯೂಬ್ ಇಷ್ಟು ದಿನ ಹಚ್ಚಿದ್ವಿ. ಮನೇಲಿ ಅಜ್ಜನಿಗೆ ತುರಿಕೆ ಇದೆ." ಇಷ್ಟು ಸಾಕು. ನಿಮ್ಮ ಗಾಬರಿ ಅವರಿಗೆ ಹೇಗೂ ಗೊತ್ತಾಗುತ್ತೆ.

ಫೋಟೋ ಹಗಲು ಕಿಟಕಿ ಹತ್ತಿರ ತೆಗೀರಿ, ಎಣ್ಣೆ ಹಚ್ಚೋ ಮುಂಚೆ, ಫ್ಲ್ಯಾಶ್ ಇಲ್ಲದೆ. ಒಂದು ದೂರದಿಂದ, ಎಲ್ಲೆಲ್ಲಿ ಎದ್ದಿದೆ ಅಂತ ಕಾಣೋ ಹಾಗೆ. ಇನ್ನೊಂದು ಹತ್ತಿರದಿಂದ, ಅಂಚು ಕಾಣೋ ಹಾಗೆ, ಪಕ್ಕದಲ್ಲಿ ಒಂದು ನಾಣ್ಯ ಹಿಡಿದು. ಅಂಚಿನ ಸುತ್ತ ಪೆನ್ನಿನಿಂದ ತೆಳುವಾಗಿ ಗೆರೆ ಎಳೆದು ಮರುದಿನ ಮತ್ತೆ ತೆಗೆದರೆ ಹರಡಿದ್ದು ಎಷ್ಟು ಅಂತ ಅವರೇ ನೋಡ್ತಾರೆ. ಟ್ಯೂಬಿನದ್ದೂ ಒಂದು ಇರಲಿ, ಒಳಗೆ ಏನೇನಿದೆ ಅಂತ ಬರೆದ ಸಣ್ಣ ಅಕ್ಷರ ಓದೋಕೆ ಬರಬೇಕು.

ಆದರೆ ಪಾರದರ್ಶಕ ಗಾಜಿನ ಲೋಟ ಒತ್ತಿ ನೋಡಿದಾಗ ದದ್ದಿನ ಬಣ್ಣ ಮಾಸದಿದ್ದರೆ, ನೀರುಗುಳ್ಳೆ ಎದ್ದು ಚರ್ಮ ಸುಲಿಯುತ್ತಿದ್ದರೆ, ಮಗು ಹಾಲು ಬಿಟ್ಟು ಮಂಕಾಗಿದ್ದರೆ, ಉಸಿರಾಟಕ್ಕೆ ಕಷ್ಟಪಡ್ತಿದ್ದರೆ ಪತ್ರ ಬರೀತಾ ಕೂರಬೇಡಿ. ಗಾಡಿ ಹತ್ತಿ, ಹತ್ತಿರದ ಆಸ್ಪತ್ರೆಗೆ ಹೋಗಿ.